ಅಮೃತಬಳ್ಳಿ ರಸ ದಿನಾ ಕುಡಿದರೆ ಇಮ್ಯುನಿಟಿ ಹೆಚ್ಚುತ್ತದೆಯೇ? ಲಿವರ್‌ಗೆ ಅಪಾಯ ಯಾರಿಗೆ?

"ಒಂದು ಗೇಣು ಅಮೃತಬಳ್ಳಿ ಕಾಂಡ ಜಜ್ಜಿ, ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯಿರಿ. ಯಾವ ಜ್ವರವೂ ಹತ್ತಿರ ಸುಳಿಯುವುದಿಲ್ಲ. ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ." ಇಂಥ ಸಂದೇಶಗಳು ಕೊರೊನಾ ಕಾಲದಲ್ಲಿ ಶುರುವಾಗಿ, ಈಗಲೂ ಮಳೆಗಾಲ ಬಂದಾಗ, ಡೆಂಗಿ ಹೆಚ್ಚಾದಾಗ ಮತ್ತೆ ಫಾರ್ವರ್ಡ್ ಆಗುತ್ತಲೇ ಇರುತ್ತವೆ. ಹಿಂದಿಯಲ್ಲಿ ಗಿಲೋಯ್, ಸಂಸ್ಕೃತದಲ್ಲಿ ಗುಡೂಚಿ ಎನ್ನುವುದು ನಮ್ಮ ಅಮೃತಬಳ್ಳಿಯನ್ನೇ. ಸಸ್ಯಶಾಸ್ತ್ರದ ಹೆಸರು ಟಿನೋಸ್ಪೋರಾ ಕಾರ್ಡಿಫೋಲಿಯಾ.

ಈ ಸಂದೇಶದ ಕೊನೆಯ ವಾಕ್ಯ ಸರಿಯಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಅಪಾಯ ಹೆಚ್ಚಿರುವ ಒಂದು ಗುಂಪು ಇದೆ, ಮತ್ತು ಆ ಗುಂಪಿಗೆ ತಾವು ಸೇರಿದ್ದೇವೆ ಎಂಬುದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ವರದಿಗಳು ಏನು ಹೇಳುತ್ತವೆ?

2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಮುಂಬೈನ ಲಿವರ್ ತಜ್ಞರು ಲಿವರ್ ಉರಿಯೂತದೊಂದಿಗೆ ಬಂದ ಆರು ರೋಗಿಗಳನ್ನು ಗಮನಿಸಿದರು. ಕಾಮಾಲೆಗೆ ಸಾಮಾನ್ಯ ಕಾರಣವಾದ ವೈರಸ್‌ಗಳು ಇವರಲ್ಲಿ ಕಾಣಲಿಲ್ಲ. ವಿಚಾರಿಸಿದಾಗ ಆರೂ ಜನ ಇಮ್ಯುನಿಟಿಗೆಂದು ಅಮೃತಬಳ್ಳಿ ಸೇವಿಸುತ್ತಿದ್ದುದು ತಿಳಿಯಿತು. ಅವರಲ್ಲಿ ಒಬ್ಬ ಮಹಿಳೆ ತೀರಿಕೊಂಡರು. 2021ರಲ್ಲಿ ಈ ವರದಿ ಪ್ರಕಟವಾಯಿತು.

ಆಗ ಆಯುಷ್ ಸಚಿವಾಲಯ, ಅಮೃತಬಳ್ಳಿಗೂ ಲಿವರ್ ಹಾನಿಗೂ ಹೀಗೆ ನಂಟು ಕಟ್ಟುವುದು ಜನರನ್ನು ದಾರಿ ತಪ್ಪಿಸುತ್ತದೆ ಎಂದು ಹೇಳಿಕೆ ನೀಡಿತು. ರೋಗಿಗಳು ಸೇವಿಸಿದ ಬಳ್ಳಿ ಯಾವುದೆಂದು ವೈದ್ಯರು ಸರಿಯಾಗಿ ಪರೀಕ್ಷಿಸಿಲ್ಲ, ಅದು ಟಿನೋಸ್ಪೋರಾ ಕ್ರಿಸ್ಪಾ ಎಂಬ ಬೇರೆ ಜಾತಿಯೂ ಇರಬಹುದು ಎಂಬುದು ಅದರ ಆಕ್ಷೇಪವಾಗಿತ್ತು.

ಬಳಿಕ 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಇಂಥದೇ 43 ರೋಗಿಗಳ ವಿವರ ಪ್ರಕಟಿಸಿದರು. ಸೇವನೆ ಶುರುವಾಗಿ ಸುಮಾರು ಆರೂವರೆ ವಾರಕ್ಕೆ ತೊಂದರೆ ಕಾಣಿಸಿಕೊಳ್ಳುವುದು ಈ ಗುಂಪಿನ ಮಧ್ಯದ ಲೆಕ್ಕ. ಅವರ ಲಿವರ್ ಉರಿಯೂತದಲ್ಲಿ ಆಟೋಇಮ್ಯೂನ್ ಲಕ್ಷಣಗಳು ಇದ್ದವು. ಸದ್ದಿಲ್ಲದೆ ಒಳಗೇ ಇದ್ದ ಆಟೋಇಮ್ಯೂನ್ ಲಿವರ್ ಕಾಯಿಲೆಯನ್ನು ಅಮೃತಬಳ್ಳಿ ಹೊರಗೆಳೆಯಬಲ್ಲದು ಎಂಬುದು ಆ ವೈದ್ಯರ ತೀರ್ಮಾನ.

ಈ ವರದಿಗಳಿಗೆ ಒಂದು ಮಿತಿ ಇದೆ. ಕಾಯಿಲೆ ಬಿದ್ದವರ ಲೆಕ್ಕ ಇಲ್ಲಿದೆ, ಒಟ್ಟು ಎಷ್ಟು ಜನ ಕುಡಿದರು ಎಂಬ ಲೆಕ್ಕ ಇಲ್ಲ. ಹಾಗಾಗಿ "ಇಷ್ಟು ಜನರಲ್ಲಿ ಒಬ್ಬರಿಗೆ ಅಪಾಯ" ಎಂದು ಹೇಳಲಾಗದು. ಲಕ್ಷಾಂತರ ಜನ ಕುಡಿದಿರುವಾಗ ಇದು ಅಪರೂಪದ ಅಡ್ಡಪರಿಣಾಮ ಎನ್ನಬಹುದು. ಆದರೆ ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ಇಮ್ಯುನಿಟಿ ಹೆಚ್ಚಿದರೆ ಒಳ್ಳೆಯದೇ ಅಲ್ಲವೇ?

ಫಾರ್ವರ್ಡ್‌ಗಳಲ್ಲಿ ರೋಗನಿರೋಧಕ ಶಕ್ತಿ ಎಂದರೆ ಫೋನಿನ ಬ್ಯಾಟರಿ ಇದ್ದಂತೆ, ಎಷ್ಟು ತುಂಬಿದರೆ ಅಷ್ಟು ಒಳ್ಳೆಯದು. ದೇಹದಲ್ಲಿ ಅದು ಹಾಗೆ ಕೆಲಸ ಮಾಡುವುದಿಲ್ಲ. ಹೊರಗಿನಿಂದ ಬಂದ ರೋಗಾಣು ಯಾವುದು, ನಮ್ಮದೇ ಜೀವಕೋಶ ಯಾವುದು ಎಂದು ಗುರುತಿಸಿ, ಮೊದಲನೆಯದನ್ನು ಹೊಡೆದು ಎರಡನೆಯದನ್ನು ಬಿಡುವುದು ಅದರ ಕೆಲಸ. ದಾಳಿ ಮಾಡುವ ಕೋಶಗಳೂ ಬೇಕು, ಅವನ್ನು ಹಿಡಿದು ನಿಲ್ಲಿಸುವ ಕೋಶಗಳೂ ಬೇಕು.

ಈ ಗುರುತಿಸುವಿಕೆ ತಪ್ಪಿ ದೇಹವು ತನ್ನ ಅಂಗವನ್ನೇ ಹೊಡೆಯತೊಡಗಿದರೆ ಅದು ಆಟೋಇಮ್ಯೂನ್ ಕಾಯಿಲೆ. ಕೀಲುಗಳನ್ನು ಹೊಡೆದರೆ ರುಮಟಾಯ್ಡ್ ಸಂಧಿವಾತ, ಥೈರಾಯ್ಡ್ ಗ್ರಂಥಿಯನ್ನು ಹೊಡೆದರೆ ಹಶಿಮೋಟೋ, ಲಿವರ್ ಅನ್ನು ಹೊಡೆದರೆ ಆಟೋಇಮ್ಯೂನ್ ಹೆಪಟೈಟಿಸ್. ಲೂಪಸ್, ಸೋರಿಯಾಸಿಸ್, ಟೈಪ್ 1 ಸಕ್ಕರೆ ಕಾಯಿಲೆ ಕೂಡ ಇದೇ ಸಾಲಿಗೆ ಸೇರುತ್ತವೆ.

ಅಮೃತಬಳ್ಳಿಯ ಕಾಂಡದಲ್ಲಿ ಸಕ್ಕರೆ ಅಣುಗಳ ಉದ್ದ ಸರಪಳಿಯಂಥ ಒಂದು ವಸ್ತುವಿದೆ. ಅದು ರೋಗಾಣು ನುಂಗುವ ಕೋಶಗಳನ್ನು ಎಚ್ಚರಿಸುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. "ಇಮ್ಯುನಿಟಿ ಬೂಸ್ಟರ್" ಎಂಬ ಹೆಸರು ಬಂದದ್ದು ಇಂಥ ಅಧ್ಯಯನಗಳಿಂದಲೇ. ಆದರೆ ಅದೇ ಗುಣ ತನ್ನ ದೇಹವನ್ನೇ ಹೊಡೆಯುತ್ತಿರುವ ವ್ಯವಸ್ಥೆಯನ್ನೂ ಕೆರಳಿಸಬಹುದು. ಕೀಲುವಾತದ ರೋಗಿಗೆ ವೈದ್ಯರು ಕೊಡುವುದು ಈ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ. ಒಂದು ಕೈಯಲ್ಲಿ ಆ ಮಾತ್ರೆ, ಇನ್ನೊಂದು ಕೈಯಲ್ಲಿ ಇಮ್ಯುನಿಟಿ ರಸ ಎಂದರೆ ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ಒತ್ತಿದಂತೆ.

ಒಂದು ಉದಾಹರಣೆ ನೋಡೋಣ

ವರದಿಯಾದ ಪ್ರಕರಣಗಳ ಮಾದರಿಯಲ್ಲಿ, ಅರ್ಥವಾಗಲೆಂದು ಕಟ್ಟಿದ ಉದಾಹರಣೆ ಇದು. ಒಬ್ಬ ಗೃಹಿಣಿಗೆ 46 ವರ್ಷ. ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ, ಮತ್ತಾವ ಕಾಯಿಲೆಯೂ ಇಲ್ಲ. ಜೂನ್ ಮೊದಲ ವಾರದಿಂದ ದಿನಾ ಬೆಳಿಗ್ಗೆ ಅರ್ಧ ಲೋಟ ಅಮೃತಬಳ್ಳಿ ಕಷಾಯ ಕುಡಿಯಲು ಶುರು ಮಾಡುತ್ತಾರೆ. ಒಂದು ತಿಂಗಳು ಏನೂ ಆಗುವುದಿಲ್ಲ. ಜುಲೈ ಮಧ್ಯದಲ್ಲಿ ಸುಸ್ತು, ಊಟ ಸೇರದಿರುವುದು, ವಾಕರಿಕೆ. ಮಳೆಗಾಲದ ಜಡ್ಡೆಂದು ಕಷಾಯವನ್ನು ಎರಡು ಹೊತ್ತು ಮಾಡುತ್ತಾರೆ. ಇನ್ನೊಂದು ವಾರಕ್ಕೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಣ್ಣಿನ ಬಿಳಿ ಭಾಗ ಹಳದಿಯಾಗುತ್ತದೆ.

ರಕ್ತ ಪರೀಕ್ಷೆಯಲ್ಲಿ ಸುಮಾರು 40ರೊಳಗೆ ಇರಬೇಕಾದ ಎಸ್‌ಜಿಪಿಟಿ 900 ಇದೆ. ಈ ಕಿಣ್ವ ಲಿವರ್ ಕೋಶಗಳ ಒಳಗಿರುವಂಥದ್ದು, ಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ. ಒಂದರ ಆಸುಪಾಸಿನಲ್ಲಿರಬೇಕಾದ ಬಿಲಿರುಬಿನ್ 9 ಇದೆ. ವೈದ್ಯರು ಮೊದಲು ಹೆಪಟೈಟಿಸ್ ಎ, ಬಿ, ಸಿ, ಇ ವೈರಸ್‌ಗಳಿಗೆ ಪರೀಕ್ಷೆ ಮಾಡಿಸುತ್ತಾರೆ, ಯಾವುದೂ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದಿಲ್ಲ. ದೇಹ ತನ್ನ ವಿರುದ್ಧವೇ ತಯಾರಿಸುವ ಪ್ರತಿಕಾಯಗಳ ಪರೀಕ್ಷೆ ಮಾತ್ರ ಪಾಸಿಟಿವ್ ಬರುತ್ತದೆ. ಲಿವರ್‌ನ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ, ರೋಗನಿರೋಧಕ ಕೋಶಗಳು ಗುಂಪುಗೂಡಿ ಲಿವರ್ ಕೋಶಗಳನ್ನು ಮುತ್ತಿರುವುದು ಕಾಣುತ್ತದೆ.

ಕಷಾಯ ನಿಲ್ಲಿಸಿದ ಮೇಲೆ ಸಂಖ್ಯೆಗಳು ತಾವಾಗಿ ಇಳಿಯುತ್ತ ಬಂದು ಮತ್ತೆ ಏರದಿದ್ದರೆ, ಅದು ಬಳ್ಳಿಯಿಂದಾದ ಪೆಟ್ಟು ಎಂಬ ಅನುಮಾನ ಗಟ್ಟಿಯಾಗುತ್ತದೆ. ಕೆಲವರಿಗೆ ಸ್ಟೀರಾಯ್ಡ್ ಬೇಕಾಗುತ್ತದೆ. ಸ್ಟೀರಾಯ್ಡ್ ನಿಲ್ಲಿಸಿದೊಡನೆ ಮತ್ತೆ ಏರಿದರೆ, ಒಳಗೇ ಮಲಗಿದ್ದ ಆಟೋಇಮ್ಯೂನ್ ಹೆಪಟೈಟಿಸ್ ಎದ್ದಿದೆ ಎಂದು ಅರ್ಥ. ಅಂಥವರಿಗೆ ವರ್ಷಗಟ್ಟಲೆ ಚಿಕಿತ್ಸೆ ಬೇಕು. ಸರಿಹೋದ ಮೇಲೆ "ಅದರಿಂದಲೇನಾ ನೋಡೋಣ" ಎಂದು ಮತ್ತೆ ಕುಡಿದು ಪರೀಕ್ಷಿಸಬಾರದು. ಎರಡನೇ ಸಲದ ಪೆಟ್ಟು ಇನ್ನೂ ಬೇಗ, ಇನ್ನೂ ಜೋರಾಗಿ ಬೀಳಬಹುದು.

ಈ ಮಹಿಳೆ "ನನಗೆ ಥೈರಾಯ್ಡ್ ಬಿಟ್ಟರೆ ಏನೂ ಇಲ್ಲ" ಎನ್ನುತ್ತಿದ್ದರು. ಆದರೆ ಥೈರಾಯ್ಡ್ ಕಡಿಮೆಯಾಗಲು ದೊಡ್ಡ ಕಾರಣಗಳಲ್ಲಿ ಹಶಿಮೋಟೋ ಒಂದು, ಅದು ಆಟೋಇಮ್ಯೂನ್ ಕಾಯಿಲೆ. ಒಂದು ಆಟೋಇಮ್ಯೂನ್ ಕಾಯಿಲೆ ಇರುವವರಲ್ಲಿ ಇನ್ನೊಂದು ಇರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಅಜ್ಜಿ ಕಾಲದಿಂದ ಕುಡಿಯುತ್ತಿದ್ದೇವಲ್ಲ?

ಕುಡಿಯುತ್ತಿದ್ದುದು ನಿಜ, ಆದರೆ ರೀತಿ ಬೇರೆ. ಜ್ವರ ಬಂದಾಗ ನಾಲ್ಕಾರು ದಿನ ಕಷಾಯ ಕುಡಿಯುವುದಕ್ಕೂ, ಕಾಯಿಲೆಯೇ ಇಲ್ಲದವರು ತಿಂಗಳುಗಟ್ಟಲೆ ದಿನಾ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಪಂಡಿತರು ರೋಗಿಯನ್ನು ನೋಡಿ ಪ್ರಮಾಣ, ಅವಧಿ ಹೇಳುತ್ತಾರೆ. ಫಾರ್ವರ್ಡ್ ಎಲ್ಲರಿಗೂ ಒಂದೇ ಲೋಟ ಹೇಳುತ್ತದೆ, ಎಂದು ನಿಲ್ಲಿಸಬೇಕೆಂದು ಹೇಳುವುದಿಲ್ಲ.

ಬಳ್ಳಿಯ ಗುರುತಿನ ಪ್ರಶ್ನೆಯೂ ಇದೆ. ಅಮೃತಬಳ್ಳಿಯ ಎಲೆ ವೀಳ್ಯದೆಲೆಯಂತೆ ಹೃದಯದಾಕಾರ, ಕಾಂಡದ ಮೇಲೆ ಕಾಗದದಂತೆ ಸುಲಿಯುವ ತೆಳು ಸಿಪ್ಪೆ. ಕ್ರಿಸ್ಪಾ ಜಾತಿಯ ಎಲೆಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಕಾಂಡದ ಮೇಲೆ ಮಾತ್ರ ಗಂಟುಗಂಟಾದ ಉಬ್ಬುಗಳು ಹೆಚ್ಚು. ಆ ಜಾತಿಯಿಂದಲೂ ಲಿವರ್ ಹಾನಿಯಾದ ವರದಿಗಳಿವೆ. ಪುಡಿ, ರಸ, ಮಾತ್ರೆಯಾಗಿ ಬಂದಾಗ ಗುರುತು ಹಿಡಿಯುವುದು ಬರಿಗಣ್ಣಿಗೆ ಅಸಾಧ್ಯ. ಹಾಗಾಗಿ "ಅದು ಬೇರೆ ಬಳ್ಳಿ ಇರಬಹುದು" ಎಂಬ ವಾದ ಅಮೃತಬಳ್ಳಿಯ ಹೆಸರು ಉಳಿಸಿದರೂ, ಕುಡಿಯುವವರನ್ನು ಉಳಿಸುವುದಿಲ್ಲ.

ಯಾರು ಕುಡಿಯಬಾರದು? ಯಾವಾಗ ಎಚ್ಚರ?

ಮೇಲೆ ಹೇಳಿದ ಯಾವುದೇ ಆಟೋಇಮ್ಯೂನ್ ಕಾಯಿಲೆ ಇರುವವರು, ಲಿವರ್ ಕಾಯಿಲೆ ಇರುವವರು, ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ಅಮೃತಬಳ್ಳಿಯನ್ನು ತಾವಾಗಿ ಸೇವಿಸಬಾರದು. ಥೈರಾಯ್ಡ್ ಮಾತ್ರೆ ನುಂಗುವವರು ತಮ್ಮದು ಹಶಿಮೋಟೋ ಹೌದೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ಈಗಾಗಲೇ ಕುಡಿಯುತ್ತಿದ್ದು, ಕಾರಣವಿಲ್ಲದ ಸುಸ್ತು, ವಾಕರಿಕೆ, ಮೈ ತುರಿಕೆ, ಕಡು ಬಣ್ಣದ ಮೂತ್ರ, ಕಣ್ಣು ಹಳದಿ ಕಂಡರೆ ಅಂದೇ ನಿಲ್ಲಿಸಿ, ಲಿವರ್ ಪರೀಕ್ಷೆ ಮಾಡಿಸಿ. ಮಾತು ತೊದಲುವುದು, ಮಂಪರು, ರಕ್ತಸ್ರಾವ ಇದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ವೈದ್ಯರು ಏನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಕಷಾಯದ ಹೆಸರನ್ನೂ ಹೇಳಿ. "ಅದು ಔಷಧಿಯಲ್ಲ, ಮನೆಮದ್ದು" ಎಂದು ಬಿಟ್ಟುಬಿಟ್ಟರೆ ಕಾರಣ ಸಿಗುವುದೇ ಇಲ್ಲ.

ನಮ್ಮಲ್ಲಿ ಇನ್ನೊಂದು ಅಪಾಯವಿದೆ. ಕಣ್ಣು ಹಳದಿಯಾದೊಡನೆ ಕಾಮಾಲೆಗೆ ನಾಟಿ ಔಷಧಿ ಹುಡುಕಿಕೊಂಡು ಹೋಗುತ್ತೇವೆ. ಕಾಮಾಲೆಗೆಂದು ಹೇಳುವ ಮನೆಮದ್ದುಗಳಲ್ಲಿ ಅಮೃತಬಳ್ಳಿಯೂ ಒಂದು. ಪೆಟ್ಟು ಕೊಟ್ಟದ್ದೇ ಮದ್ದಾಗಿ ಮತ್ತೆ ಹೊಟ್ಟೆ ಸೇರಿದರೆ, ಲಿವರ್‌ಗೆ ಚೇತರಿಸಿಕೊಳ್ಳಲು ಸಿಗಬೇಕಿದ್ದ ದಿನಗಳು ಹಾಗೇ ಕಳೆದುಹೋಗುತ್ತವೆ.

ಮುಂದಿನ ಸಲ ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ, ಆ ಗುಂಪಿನಲ್ಲಿ ಥೈರಾಯ್ಡ್, ಕೀಲುವಾತ, ಸೋರಿಯಾಸಿಸ್ ಇರುವವರು ಯಾರಿದ್ದಾರೆ ಎಂದು ಒಮ್ಮೆ ನೆನಪಿಸಿಕೊಳ್ಳಿ. "ಸೈಡ್ ಎಫೆಕ್ಟ್ ಇಲ್ಲ" ಎಂಬ ಸಾಲನ್ನು ಅವರೂ ಓದುತ್ತಾರೆ.