‘ನಿಮ್ಮ ಸ್ಕಿನ್ನೇ ಸೆನ್ಸಿಟಿವ್’ ಅಂತ ಬರೀಬೇಡಿ (ಭಾಗ 4)

ಶುಕ್ರವಾರ ಕಪ್ಪು ಹೇರ್ ಕಲರ್ ಮಾಡಿಸ್ಕೊಂಡು ಹೋದ ಕ್ಲೈಂಟ್ ಭಾನುವಾರ ಬೆಳಿಗ್ಗೆ ಫೋಟೋ ಕಳಿಸಿದ್ರು. ಕಣ್ಣಿನ ರೆಪ್ಪೆ ಊದಿತ್ತು, ಕಿವಿ ಹಿಂದೆ ಕೆಂಪು ಗುಳ್ಳೆ. ನಾನು ಟ್ರೈನಿಂಗ್‌ಗೆ ಹೋಗೋ ಪಾರ್ಲರ್‌ನಲ್ಲಿ ಮೊದಲು ಟೈಪ್ ಆದ ಉತ್ತರ ಇದು: ‘ನಾವು ಒಳ್ಳೆ ಬ್ರ್ಯಾಂಡೇ ಬಳಸೋದು. ಹೋದ ಸಲ ಏನೂ ಆಗಿರಲಿಲ್ಲ. ನಿಮ್ಮ ಸ್ಕಿನ್ನೇ ಸೆನ್ಸಿಟಿವ್.’

ಸದ್ಯ, ಅದನ್ನ ಕಳಿಸಲಿಲ್ಲ. ಅದರಲ್ಲಿ ಕಾಳಜಿಯೂ ಇಲ್ಲ, ಪಾರ್ಲರ್‌ಗೆ ರಕ್ಷಣೆಯೂ ಇಲ್ಲ.

‘ಹೋದ ಸಲ ಆಗಿರಲಿಲ್ಲ’ ಅನ್ನೋದು ವಾದವೇ ಅಲ್ಲ. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ. ಕೆಲವರ ದೇಹ ಮೊದಲ ಕೆಲವು ಸಲ ಸುಮ್ಮನಿದ್ದು, ಒಳಗೊಳಗೇ ಅದನ್ನ ಶತ್ರು ಅಂತ ಗುರುತಿಟ್ಟುಕೊಳ್ಳುತ್ತೆ. ಆಮೇಲೊಂದು ಸಲ ತಿರುಗಿ ಬೀಳುತ್ತೆ, ಅದೂ ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು. ಅದಕ್ಕೇ ಪ್ರತಿ ಸಲವೂ 48 ಗಂಟೆ ಮೊದಲು ಪ್ಯಾಚ್ ಟೆಸ್ಟ್ ಮಾಡಬೇಕು. ಅವತ್ತು ಮಾಡಿರಲಿಲ್ಲ. (ಹಳೇ ಕ್ಲೈಂಟ್ ಅಂತ ಬಿಟ್ಟುಬಿಡೋದು ಎಲ್ಲ ಕಡೆ ನಡೆಯುತ್ತೆ, ನಾವೂ ಮಾಡಿದ್ದೀವಿ.)

ಹಾಗಾದ್ರೆ ಅದನ್ನ ಪತ್ರದಲ್ಲಿ ಬರೀಬೇಕಾ? ನನ್ನ ಪ್ರಕಾರ ಬರೀಬೇಕು. ಆದ್ರೆ ಏನಾಯ್ತು ಅನ್ನೋದು ಬೇರೆ, ಯಾಕಾಯ್ತು ಅನ್ನೋದು ಬೇರೆ. ಟೆಸ್ಟ್ ಮಾಡಿಲ್ಲ ಅನ್ನೋದು ನಮಗೆ ಗೊತ್ತಿರೋ ಸತ್ಯ. ಊತಕ್ಕೆ ಡೈಯೇ ಕಾರಣ ಅಂತ ಹೇಳಬೇಕಾದವರು ಚರ್ಮದ ಡಾಕ್ಟರ್. ‘ಎಲ್ಲಾ ನಮ್ಮಿಂದಲೇ’ ಅಂತಲೂ ಬೇಡ, ‘ನಮ್ಮದೇನೂ ಇಲ್ಲ’ ಅಂತಲೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಅಂತ ದೂರು ಹೋದ್ರೆ ನಮ್ಮ ಮೆಸೇಜನ್ನೂ ಮುಂದಿಡಬಹುದು. ಅಲ್ಲಿ ಸುಳ್ಳು ಸಿಕ್ಕಿಬಿದ್ರೆ ತಪ್ಪು ಎರಡಾಗುತ್ತೆ.

ಕೊನೆಗೆ ಹೋಗಿದ್ದು ಇದು:

‘ನಮಸ್ಕಾರ ಮೇಡಂ. ಫೋಟೋ ನೋಡಿ ತುಂಬಾ ಬೇಜಾರಾಯ್ತು, ಕ್ಷಮಿಸಿ. ದಯವಿಟ್ಟು ಇವತ್ತೇ ಡಾಕ್ಟರಿಗೆ ತೋರಿಸಿ. ಊತ ಹೆಚ್ಚಾದ್ರೆ, ತುಟಿ ಊದಿದ್ರೆ ಅಥವಾ ಉಸಿರಾಟಕ್ಕೆ ತೊಂದರೆ ಆದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಶುಕ್ರವಾರ ಬಳಸಿದ ಟ್ಯೂಬ್, ಡೆವಲಪರ್ ಎರಡರ ಬ್ಯಾಚ್ ನಂಬರ್ ಮತ್ತು ಪದಾರ್ಥಗಳ ಪಟ್ಟಿಯ ಫೋಟೋ ಕಳಿಸಿದ್ದೇವೆ, ಡಾಕ್ಟರಿಗೆ ತೋರಿಸಿ. ಅವತ್ತು ಪ್ಯಾಚ್ ಟೆಸ್ಟ್ ಮಾಡಿರಲಿಲ್ಲ. ಕಾರಣ ಏನೆಂದು ಡಾಕ್ಟರ್ ಹೇಳುವವರೆಗೆ ಯಾವ ಹೇರ್ ಡೈ ಅಥವಾ ಕಪ್ಪು ಮೆಹೆಂದಿಯನ್ನೂ ಬಳಸಬೇಡಿ. ಸರ್ವಿಸ್ ಹಣ ವಾಪಸ್ ಮಾಡುತ್ತೇವೆ. ನಾಳೆ ಬೆಳಿಗ್ಗೆ 11ಕ್ಕೆ ನಾನೇ ಫೋನ್ ಮಾಡುತ್ತೇನೆ.’

ಗಮನಿಸಿ, ಯಾವ ಕ್ರೀಮ್, ಯಾವ ಮಾತ್ರೆ ಅಂತ ಒಂದಕ್ಷರ ಇಲ್ಲ. ನಾವು ಡಾಕ್ಟರಲ್ಲ. ಅಲೋವೆರಾ ಹಚ್ಚಿ ಅಂತ ಬರೆದು, ಅದರಿಂದ ಉರಿ ಹೆಚ್ಚಾದ್ರೆ ಅದೂ ನಮ್ಮ ತಲೆಗೇ. ಹಣ ವಾಪಸ್‌ಗೆ ‘ರಿವ್ಯೂ ಹಾಕಬೇಡಿ’ ಅನ್ನೋ ಷರತ್ತೂ ಇಲ್ಲ. ಅದನ್ನ ಸೇರಿಸೋಣ ಅಂತ ಒಬ್ಬರು ಹೇಳಿದ್ರು. ಕಣ್ಣು ಬಿಡೋಕಾಗದೆ ಕೂತಿರೋರ ಹತ್ರ ಚೌಕಾಸಿ ಮಾಡೋದಾ?

ಸೋಮವಾರ 11ಕ್ಕೆ ಓನರ್ ಫೋನ್ ಮಾಡಿದ್ರು. ಆ ಟ್ಯೂಬು, ಡಬ್ಬ ಇನ್ನೂ ಹೆಸರು, ತಾರೀಕು ಬರೆದ ಕವರ್‌ನಲ್ಲಿ ಬೀರುವಿನಲ್ಲೇ ಇದೆ.