ಸಾಹೇಬ್ರೇ, ಬರೀ ಹೂಂಗುಟ್ಟಬೇಡಿ

ಕೆರೆ ನೀರಿನ ಸಭೆ ಎಲ್ಲೇ ನಡೆಯಲಿ, ನಮ್ಮ ಕಿವಿಗೆ ಹೆಚ್ಚು ಬೀಳುವುದು ಒಂದೇ ಶಬ್ದ: 'ಹೂಂ'. ರೈತರು ಎದ್ದು ನಿಂತು ಕೂಗುತ್ತಾರೆ, ಅಧಿಕಾರಿ ತಲೆಯಾಡಿಸುತ್ತಾ 'ಹೂಂ, ಹೂಂ, ಗೊತ್ತಾಯ್ತು, ನೋಡೋಣ' ಅನ್ನುತ್ತಾರೆ. ತಿಂಗಳಾದ ಮೇಲೆ ಜಗಳ ಶುರು. 'ಅವತ್ತು ಹೂಂ ಅಂದ್ರಲ್ಲ?' 'ನಾನು ಒಪ್ಪಿಕೊಂಡಿರಲಿಲ್ಲ, ಕೇಳಿಸಿಕೊಂಡೆ ಅಷ್ಟೇ.'

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಮ್ಮ ಭಾಷೆಯಲ್ಲಿ 'ಹೂಂ' ಅಂದರೆ 'ಕೇಳ್ತಿದ್ದೀನಿ, ಮುಂದೆ ಹೇಳು' ಅಂತಲೂ ಹೌದು, 'ಆಯ್ತು, ಒಪ್ಪಿದೆ' ಅಂತಲೂ ಹೌದು. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟಿದರೆ ನಷ್ಟವಿಲ್ಲ. ಸಿಟ್ಟೇರಿದ ಸಭೆಯಲ್ಲಿ ಅದೇ ಶಬ್ದ ಮಾತು ಕೊಟ್ಟಂತೆ ಆಗುತ್ತದೆ.

ನಮ್ಮ ಜಿಲ್ಲೆಯದೇ ವಿಷಯ ತಗೊಳ್ಳಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಕೆರೆಗಳಿಗೆ ಬಿಡುತ್ತಾರೆ. ಚಿಂತಾಮಣಿ ಕಡೆಯ ಕೆಲವು ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು. ಮೂರನೇ ಹಂತವೂ ಆಗಲಿ ಅನ್ನುವುದು ಹೋರಾಟಗಾರರ ಹಳೆಯ ಬೇಡಿಕೆ.

ಒಬ್ಬ ರೈತರು 'ಈ ನೀರು ಬಿಟ್ಟು ನಮ್ಮನ್ನ ಸಾಯಿಸ್ತೀರಾ?' ಎಂದರು ಅಂತಿಟ್ಟುಕೊಳ್ಳಿ. ಹೂಂಗುಟ್ಟುವ ಬದಲು ಅಧಿಕಾರಿ ಅವರ ಮಾತನ್ನೇ ತಿರುಗಿ ಹೇಳಲಿ: 'ಯಜಮಾನ್ರೇ, ಕೆರೆಗೆ ನೀರು ಬೇಡ ಅಂತ ನೀವು ಹೇಳ್ತಿಲ್ಲ. ಮೂರನೇ ಹಂತ ಆಗದೆ ಬಿಡಬೇಡಿ ಅಂತಿದ್ದೀರಿ. ಸರೀನಾ?' ಆಗ ರೈತರೇ ತಿದ್ದುತ್ತಾರೆ: 'ಅದೂ ಸರಿ ಸಾರ್. ಆದ್ರೆ ಮೊದಲು ನೀರಿನ ಟೆಸ್ಟ್ ರಿಪೋರ್ಟ್ ತೋರಿಸಿ.' ಈಗ ಒಂದು ಪ್ರಶ್ನೆ: 'ಯಾವ ನೀರಿಂದು, ಕೆರೇದಾ, ನಿಮ್ಮ ಬೋರ್‌ವೆಲ್‌ದಾ?' 'ಬೋರ್‌ವೆಲ್‌ದು. ಮನೇಲಿ ಅದನ್ನೇ ಕುಡಿಯೋದು.' ಕೂಗಾಟದೊಳಗೆ ಅಡಗಿದ್ದ ನಿಜವಾದ ಭಯ ಎರಡೇ ಮಾತಿನಲ್ಲಿ ಹೊರಗೆ ಬಂತು. ಅದನ್ನು ನಡಾವಳಿ ಪುಸ್ತಕದಲ್ಲಿ ಹಾಗೇ ಬರೆಸಬಹುದು.

ಇದರಲ್ಲೂ ಮೋಸ ನಡೆಯುತ್ತದೆ. 'ಹಂಗಾದ್ರೆ ನಿಮಗೆ ನೀರೇ ಬೇಡ ಅನ್ನಿ' ಎನ್ನುವುದು ತಿರುಗಿ ಹೇಳುವುದಲ್ಲ, ಮಾತು ತಿರುಚುವುದು. ಗುರುತು ಸುಲಭ: ಸರಿಯಾಗಿ ಹೇಳಿದರೆ ಎದುರಿನವರು 'ಹೌದು, ಅದೇ' ಅನ್ನುತ್ತಾರೆ, ಇಲ್ಲವೇ ತಿದ್ದುತ್ತಾರೆ. ತಿರುಚಿದರೆ ದನಿ ಇನ್ನೂ ಏರುತ್ತದೆ. 'ಯಾಕೆ ಹಿಂಗೆ ಗಲಾಟೆ ಮಾಡ್ತೀರಿ?' ಅನ್ನುವುದೂ ಪ್ರಶ್ನೆಯಲ್ಲ, ಗದರಿಕೆ. 'ಯಾವುದು, ಎಲ್ಲಿ, ಯಾವಾಗಿಂದ' ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಇಷ್ಟಕ್ಕೇ ನೀರು ಶುದ್ಧವಾಗುವುದಿಲ್ಲ, ನಮಗೂ ಗೊತ್ತು. ಚೆನ್ನಾಗಿ ಕೇಳಿಸಿಕೊಂಡು ಕೈತೊಳೆದುಕೊಳ್ಳುವವರೂ ಇದ್ದಾರೆ. ಅದಕ್ಕೇ ತಿರುಗಿ ಹೇಳಿದ ಮೇಲೆ ಮೂರರಲ್ಲಿ ಒಂದು ಉತ್ತರ ಬರಲೇಬೇಕು: ಮಾಡುತ್ತೇನೆ, ಇಂಥ ದಿನಕ್ಕೆ, ಆಗುವುದಿಲ್ಲ, ಈ ಕಾರಣಕ್ಕೆ, ನನ್ನ ಕೈಯಲ್ಲಿಲ್ಲ, ಇಂಥವರ ಕೈಯಲ್ಲಿದೆ.

ಮುಂದಿನ ಸಭೆಯಲ್ಲಿ ಯಾರಾದರೂ ಹೂಂಗುಟ್ಟಿದರೆ ಊರಿನವರು ಅಲ್ಲೇ ನಿಲ್ಲಿಸಿ ಕೇಳಿ: 'ಸಾರ್, ನಾವು ಏನು ಹೇಳಿದ್ವಿ, ನೀವೇ ಒಂದ್ಸಲ ಹೇಳಿ ನೋಡೋಣ.'