ಸಂಬಳ ಮೊದಲು ಇಳಿಯುವ ಖಾತೆ ಯಾರ ಹೆಸರಿನದು?

ದುಡಿದವರ ಕೈಗೆ ನೋಟು ಎಣಿಸಿ ಕೊಡುತ್ತಿದ್ದ ಕಾಲದಲ್ಲಿ ಸಂಬಳ ಯಾರದೆಂಬ ಬಗ್ಗೆ ಗೊಂದಲವಿರಲಿಲ್ಲ. ಅದು ಮನೆ ತಲುಪಿದ ಮೇಲೆ ಯಾರ ಪಾಲಾಗುತ್ತಿತ್ತೆಂಬುದು ಬೇರೆ ಮಾತು. ಈಗ ಸಂಬಳ ಬ್ಯಾಂಕಿನ ಖಾತೆಗೆ ಇಳಿಯುತ್ತದೆ. ಆ ಖಾತೆಯನ್ನು ಆರಿಸುವವರು ಬಹುತೇಕ ಸಂದರ್ಭಗಳಲ್ಲಿ ಕೆಲಸ ಕೊಟ್ಟವರು ಅಥವಾ ಮನೆಯವರು. ಕೆಲಸಕ್ಕೆ ಸೇರಿದ ದಿನ ಅವಸರದಲ್ಲಿ ಕೊಟ್ಟ ಪಾಸ್‌ಪುಸ್ತಕದ ನಕಲು ವರ್ಷಗಳ ಕಾಲ ಹಾಗೆಯೇ ನಡೆದುಬರುತ್ತದೆ. ಅದನ್ನು ಬದಲಿಸಿಕೊಡಿ, ಇಲ್ಲವೇ ಸಂಬಳವನ್ನು ಎರಡು ಖಾತೆಗಳಿಗೆ ಹಂಚಿಕೊಡಿ ಎಂದು ಕೇಳಲು ಅನೇಕರು, ಅದರಲ್ಲೂ ಹೆಣ್ಣುಮಕ್ಕಳು, ಹಿಂಜರಿಯುತ್ತಾರೆ.

ಕುಂದಾಪುರ ತಾಲ್ಲೂಕಿನ ಹಟ್ಟಿಯಂಗಡಿಯ ಒಬ್ಬ ಯುವತಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಗೇರುಬೀಜ ಕಾರ್ಖಾನೆಯೊಂದರ ಕಚೇರಿಯಲ್ಲಿ ಆಕೆ ಗುಮಾಸ್ತೆ. ಕಡಿತಗಳೆಲ್ಲ ಕಳೆದು ತಿಂಗಳಿಗೆ 18,500 ರೂಪಾಯಿ ಬರುತ್ತದೆ. ಅದು ಇಳಿಯುವುದು ಆಕೆ ಮತ್ತು ಆಕೆಯ ಅಣ್ಣನ ಜಂಟಿ ಖಾತೆಗೆ. ಖಾತೆಯ ಷರತ್ತು ‘ಇಬ್ಬರಲ್ಲಿ ಯಾರಾದರೂ’ ಎಂಬುದು. ಎಟಿಎಂ ಕಾರ್ಡು ಅಣ್ಣನ ಕಿಸೆಯಲ್ಲಿದೆ. ಮನೆಯ ಖರ್ಚಿಗೆ 7,000 ರೂಪಾಯಿ ಕೊಡಲು ಆಕೆಯ ತಕರಾರಿಲ್ಲ. ಉಳಿದದ್ದು ತನ್ನ ಹೆಸರಿನಲ್ಲಿರಬೇಕು ಎಂಬುದಷ್ಟೇ ಆಕೆಯ ಅಪೇಕ್ಷೆ. ಹಾಗಾದರೆ ಆಕೆ ಕಚೇರಿಯಲ್ಲಿ ಏನನ್ನು ಕೇಳಬೇಕು?

ಮೊದಲು ಹೊಳೆಯುವ ಉತ್ತರ, ಸಂಬಳವನ್ನು ಎರಡು ಪಾಲು ಮಾಡಿಕೊಡಿ ಎಂಬುದು. ಅಮೆರಿಕದಲ್ಲಿರುವ ನಮ್ಮ ಬಂಧುಗಳಿಗೆ ಇದು ಹೊಸತಲ್ಲ. ಅಲ್ಲಿ ಅನೇಕ ಸಂಸ್ಥೆಗಳ ಸಂಬಳದ ನಮೂನೆಯಲ್ಲಿಯೇ ಒಂದಕ್ಕಿಂತ ಹೆಚ್ಚು ಖಾತೆ ಬರೆಯಲು ಜಾಗವಿರುತ್ತದೆ. ಒಂದು ಖಾತೆಗೆ ಇಷ್ಟು ಮೊತ್ತ, ಉಳಿದದ್ದು ಇನ್ನೊಂದಕ್ಕೆ ಎಂದು ಬರೆದುಕೊಟ್ಟರಾಯಿತು. ನಮ್ಮಲ್ಲಿ ಹಾಗೆ ಹಂಚಿಕೊಡಲು ಕಾನೂನಿನ ಅಡ್ಡಿಯಿಲ್ಲ, ಆದರೆ ಹಂಚಿಯೇ ಕೊಡಬೇಕೆಂಬ ಕಟ್ಟಳೆಯೂ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯು ವೇತನವನ್ನು ನಗದಾಗಿ, ಚೆಕ್ಕಿನ ಮೂಲಕ, ನೌಕರರ ಬ್ಯಾಂಕ್ ಖಾತೆಗೆ ಜಮಾ ಮಾಡಿ ಅಥವಾ ವಿದ್ಯುನ್ಮಾನ ವಿಧಾನದಿಂದ ಕೊಡಬಹುದು ಎನ್ನುತ್ತದೆ. ಖಾತೆ ‘ನೌಕರರದು’ ಎಂಬ ಮಾತು ಅಲ್ಲಿದೆ. ಎಷ್ಟು ಖಾತೆ ಎಂಬ ಮಾತಿಲ್ಲ. ಸಣ್ಣ ಕಚೇರಿಯ ಸಂಬಳದ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಸಾಲು, ಒಂದೇ ಖಾತೆ ಸಂಖ್ಯೆ. ‘ಆಗುವುದಿಲ್ಲ’ ಎಂಬ ಉತ್ತರ ಬರುವುದು ಹೆಚ್ಚಾಗಿ ಈ ಕಾರಣದಿಂದ, ಹಗೆತನದಿಂದಲ್ಲ.

ಹಾಗೆಂದು ಸಂಬಳವನ್ನು ಮೂಲದಲ್ಲೇ ಹಂಚುವ ಪದ್ಧತಿ ನಮಗೆ ಅಪರಿಚಿತವೇನೂ ಅಲ್ಲ. ಕರ್ನಾಟಕ ಸಹಕಾರ ಸಂಘಗಳ 1959ರ ಅಧಿನಿಯಮದ 34ನೆಯ ಪ್ರಕರಣದ ಪ್ರಕಾರ, ಸದಸ್ಯರು ಒಪ್ಪಂದ ಬರೆದುಕೊಟ್ಟಿದ್ದರೆ ಸಂಘದ ಬಾಕಿಯನ್ನು ಸಂಬಳದಿಂದ ಮುರಿದು ಕಟ್ಟುವುದು ಉದ್ಯೋಗದಾತರ ಹೊಣೆ. ಜೀವ ವಿಮಾ ನಿಗಮದ ‘ಸಂಬಳ ಉಳಿತಾಯ ಯೋಜನೆ’ಯಲ್ಲೂ ಕಂತನ್ನು ಮುರಿದುಕೊಳ್ಳುವುದು ಕಚೇರಿಯೇ. ಸಾಲ ಕೊಟ್ಟ ಸಂಘಕ್ಕಾಗಿ, ವಿಮಾ ಸಂಸ್ಥೆಗಾಗಿ ಸಂಬಳವನ್ನು ಹಂಚಬಲ್ಲ ಕಚೇರಿ, ದುಡಿದವರು ತಮಗಾಗಿ ಕೇಳಿದಾಗ ಮಾತ್ರ ಕಾಗದವನ್ನು ಪಕ್ಕಕ್ಕಿಡುವುದು ವಿಚಿತ್ರವೇ ಸರಿ.

ಆದರೂ ನಮ್ಮ ಯುವತಿ ಹಂಚಿಕೆಗಾಗಿ ಹಟ ಹಿಡಿಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಕಚೇರಿಯೇ ಹಂಚಿದರೆ ಮನೆಯೊಳಗಿನ ಲೆಕ್ಕ ಕಚೇರಿಯ ಕಡತಕ್ಕೆ ಹೋಗುತ್ತದೆ. ಮನೆಗೆ ಕೊಡುವ ಮೊತ್ತವನ್ನು 7,000ದಿಂದ 8,000ಕ್ಕೆ ಏರಿಸಬೇಕಾದರೂ ಹೊಸ ಅರ್ಜಿ ಬೇಕು. ಆಕೆಗೆ ನಿಜವಾಗಿ ಬೇಕಾಗಿರುವುದು ಬೇರೆ: ಸಂಬಳ ಮೊದಲು ಇಳಿಯುವ ಖಾತೆ ಆಕೆಯೊಬ್ಬಳ ಹೆಸರಿನಲ್ಲಿರಬೇಕು. ಜಂಟಿ ಖಾತೆಗೆ ಇಳಿದ ಹಣದಲ್ಲಿ ತನ್ನ ಪಾಲನ್ನು ಆಮೇಲೆ ಬೇರ್ಪಡಿಸಿಕೊಳ್ಳುತ್ತೇನೆ ಎನ್ನುವುದು ಸುಳ್ಳು ಭರವಸೆ. ಸಂಬಳ ಬಂದ ಸಂದೇಶ ಮೊದಲು ಯಾರ ಮೊಬೈಲಿಗೆ ಬರುತ್ತದೋ ಹಣ ಅವರದು. ಅದರ ಬದಲು ಒಂಟಿ ಹೆಸರಿನ ಖಾತೆಗೆ ಸಂಬಳ ಇಳಿದು, ಅಲ್ಲಿಂದ ಜಂಟಿ ಖಾತೆಗೆ ಪ್ರತಿ ತಿಂಗಳೂ ತಾನಾಗಿ 7,000 ರೂಪಾಯಿ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟರೆ ಎರಡು ಉದ್ದೇಶಗಳೂ ಈಡೇರುತ್ತವೆ. ಬ್ಯಾಂಕಿನವರು ಇದನ್ನು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎನ್ನುತ್ತಾರೆ. ಇದರ ಹಿಂದಿನ ವಿವೇಕ ನಮ್ಮ ಕರಾವಳಿಗೆ ಹಳೆಯದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪೂರ್ವಜ ಸಂಸ್ಥೆ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲೇ ಸಂಗ್ರಹಿಸುತ್ತಿದ್ದುದು, ಖರ್ಚಾಗುವ ಮೊದಲೇ ಹಣವನ್ನು ಬೇರೆ ಇಡಬೇಕೆಂಬ ತಿಳಿವಳಿಕೆಯಿಂದಲೇ.

ಸೂಚನೆಯ ದಿನಾಂಕವನ್ನು ಎಚ್ಚರದಿಂದ ಆರಿಸಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ ಕೊಡಬೇಕೆಂಬುದು ಸಂಹಿತೆಯ ನಿಯಮ. ಸಾಮಾನ್ಯವಾಗಿ 1ರಂದೇ ಬರುತ್ತದೆಂದು ನಂಬಿ ಸೂಚನೆಯನ್ನು 2ಕ್ಕೆ ಇಟ್ಟರೆ, ಸಂಬಳ ತಡವಾದ ತಿಂಗಳು ಖಾತೆಯಲ್ಲಿ ಹಣವಿಲ್ಲದೆ ಅದು ವಿಫಲವಾಗುತ್ತದೆ. 8ನೆಯ ತಾರೀಕು ಸುರಕ್ಷಿತ. ಗೈರುಹಾಜರಿಯಿಂದ ಸಂಬಳ ಕಡಿಮೆಯಾದ ತಿಂಗಳೂ ಸೂಚನೆ ಪೂರ್ತಿ 7,000ವನ್ನೇ ಎಳೆಯುತ್ತದೆ ಎಂಬುದನ್ನೂ ಮರೆಯಬಾರದು.

ಇನ್ನು ಖಾತೆ ಬದಲಿಸುವ ಅರ್ಜಿ. ಅದರಲ್ಲಿ ನೌಕರ ಸಂಖ್ಯೆ, ಹಳೆಯ ಮತ್ತು ಹೊಸ ಖಾತೆಗಳ ಸಂಖ್ಯೆ, ಹೊಸ ಶಾಖೆಯ ಐಎಫ್‌ಎಸ್‌ಸಿ ಸಂಕೇತ, ಯಾವ ತಿಂಗಳ ಸಂಬಳದಿಂದ ಬದಲಾವಣೆ ಎಂಬುದು ಸ್ಪಷ್ಟವಾಗಿರಲಿ. ಹೆಸರು ಮುದ್ರಿತವಾಗಿರುವ, ಅಡ್ಡಗೆರೆ ಎಳೆದು ರದ್ದುಮಾಡಿದ ಚೆಕ್ಕಿನ ಹಾಳೆಯೊಂದನ್ನು ಲಗತ್ತಿಸಬೇಕು. ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕು. ಸಂಬಳದ ಪಟ್ಟಿ ಅಂತಿಮಗೊಳ್ಳುವ ದಿನಕ್ಕಿಂತ ಮೊದಲೇ ಕೊಡಬೇಕು. ಅದು 20ರಂದು ಎಂದಾದರೆ, 25ರಂದು ಕೊಟ್ಟ ಅರ್ಜಿ ಆ ತಿಂಗಳಿಗೆ ಅನ್ವಯಿಸುವುದಿಲ್ಲ. ಕಚೇರಿಯವರು ಇ-ಮೇಲ್ ಸಾಲದು, ಖುದ್ದಾಗಿ ಬಂದು ಸಹಿ ಹಾಕಿ ಎಂದರೆ ಬೇಸರಿಸಬಾರದು. ನೌಕರರ ಹೆಸರಿನಲ್ಲಿ ‘ನನ್ನ ಖಾತೆ ಬದಲಾಗಿದೆ’ ಎಂದು ಸುಳ್ಳು ಇ-ಮೇಲ್ ಕಳಿಸಿ ಸಂಬಳ ಲಪಟಾಯಿಸುವ ವಂಚನೆ ಇಂದು ಜಗತ್ತಿನಾದ್ಯಂತ ನಡೆಯುತ್ತಿದೆ.

ಅಂಕಿಗಳ ವಿಷಯದಲ್ಲಿ ಇಷ್ಟೊಂದು ಎಚ್ಚರ ಏಕೆ? ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಹಣ ಖಾತೆ ಸಂಖ್ಯೆಯನ್ನು ನೋಡಿ ಜಮಾ ಆಗುತ್ತದೆಯೇ ಹೊರತು ಹೆಸರನ್ನಲ್ಲ. ತಪ್ಪಾದ ಸಂಖ್ಯೆಯ ಖಾತೆ ಇಲ್ಲವೇ ಇಲ್ಲವೆಂದಾದರೆ ಹಣ ಹಿಂದಿರುಗುತ್ತದೆ. ಅದು ಇನ್ನೊಬ್ಬರ ಖಾತೆಯಾಗಿದ್ದರೆ ಹಣ ಅವರಿಗೆ ಸೇರುತ್ತದೆ. ಐಎಫ್‌ಎಸ್‌ಸಿಯ ಪಾಠವನ್ನಂತೂ ಕರಾವಳಿ ಚೆನ್ನಾಗಿ ಕಲಿತಿದೆ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾದವು. ಸಿಂಡಿಕೇಟಿನ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ಚಲಾವಣೆ ಕಳೆದುಕೊಂಡವು. ಹಳೆಯ ಪಾಸ್‌ಪುಸ್ತಕದ ಮೊದಲ ಪುಟವನ್ನೇ ನಕಲು ತೆಗೆದು ಕೊಡುವವರು ಇದನ್ನು ಗಮನಿಸಬೇಕು. ಹೊಸ ಖಾತೆಗೆ ಮೊದಲ ಸಂಬಳ ಬಾರದಿದ್ದರೆ ‘ಹಾಕಿದ್ದೇವೆ’ ಎಂಬ ಮಾತಿಗೆ ತೃಪ್ತರಾಗದೆ, ಆ ವರ್ಗಾವಣೆಯ ಯುಟಿಆರ್ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಅದಿದ್ದರೆ ಹಣ ಎಲ್ಲಿ ಹೋಯಿತೆಂದು ಬ್ಯಾಂಕು ಹುಡುಕಬಲ್ಲದು.

ಬಹಳಷ್ಟು ಜನ ಎಡವುವುದು ಇದಾದ ಮೇಲೆ. ನಮ್ಮ ಯುವತಿಯ ಸ್ಕೂಟರ್ ಸಾಲದ ಕಂತು 3,200 ರೂಪಾಯಿ, ಪ್ರತಿ ತಿಂಗಳ 5ರಂದು ಹಳೆಯ ಜಂಟಿ ಖಾತೆಯಿಂದ ತಾನಾಗಿ ಕಡಿತವಾಗುತ್ತಿದೆ ಎನ್ನೋಣ. ಸಂಬಳ ಹೊಸ ಖಾತೆಗೆ ಹೋದರೂ ಕಂತಿನ ಬೇಡಿಕೆ ಹಳೆಯ ಖಾತೆಗೇ ಬರುತ್ತದೆ. ಅಲ್ಲಿ ಹಣವಿಲ್ಲದಿದ್ದರೆ ಬ್ಯಾಂಕು ಮತ್ತು ಸಾಲ ಕೊಟ್ಟವರು ಇಬ್ಬರೂ ದಂಡ ಹಾಕಬಹುದು. ಹಣದ ಕೊರತೆಯಿಂದ ಇಂಥ ಕಡಿತ ತಿರಸ್ಕೃತವಾದರೆ ಅದು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೆಯ ಪ್ರಕರಣದಡಿ, ಚೆಕ್ಕು ತಿರಸ್ಕೃತವಾದಂತೆಯೇ ಶಿಕ್ಷಾರ್ಹವೂ ಹೌದು. ಆದುದರಿಂದ ಆಕೆ ಸಾಲ ಕೊಟ್ಟವರಿಗೆ ಹೊಸ ಖಾತೆಯ ಸಮ್ಮತಿಪತ್ರ ಬರೆದುಕೊಡಬೇಕು. ಸಾಧ್ಯವಾದರೆ ಕಂತಿನ ದಿನವನ್ನು 10ಕ್ಕೆ ಬದಲಿಸಿಕೊಳ್ಳಬೇಕು. ಹೊಸ ಸಮ್ಮತಿ ನೋಂದಣಿಯಾಗಲು ಸಮಯ ಹಿಡಿಯುವುದರಿಂದ ಎರಡು ಕಂತುಗಳಷ್ಟು, ಅಂದರೆ 6,400 ರೂಪಾಯಿಯನ್ನು ತೆಗೆದಿರಿಸಿಕೊಂಡು, ಕಂತಿನ ಹಿಂದಿನ ದಿನ 3,200ನ್ನು ಹಳೆಯ ಖಾತೆಗೆ ಕಳಿಸಬೇಕು. ಹೊಸ ಖಾತೆಯಿಂದ ಒಂದು ಕಂತು ಕಡಿತವಾದುದನ್ನು ಕಣ್ಣಾರೆ ಕಂಡ ಮೇಲೆಯೇ ಬದಲಾವಣೆ ಪೂರ್ತಿಯಾಯಿತೆನ್ನಬೇಕು. ಆಗ ಆಕೆಯ ತಿಂಗಳ ಲೆಕ್ಕ ಹೀಗಿರುತ್ತದೆ: 8ರಂದು ಮನೆಗೆ 7,000, 10ರಂದು ಕಂತಿಗೆ 3,200, ಆಕೆಯ ಹೆಸರಿನಲ್ಲಿ ಉಳಿಯುವುದು 8,300 ರೂಪಾಯಿ.

ಒಂದು ಸಂದರ್ಭದಲ್ಲಿ ಮಾತ್ರ ಕಚೇರಿ ಬದಲಾವಣೆಯನ್ನು ನಿರಾಕರಿಸುವುದು ನ್ಯಾಯ. ಸಂಬಳದ ಆಧಾರದ ಮೇಲೆ ಸಾಲ ಪಡೆಯುವಾಗ, ಸಾಲ ತೀರುವವರೆಗೆ ಸಂಬಳವನ್ನು ಅದೇ ಬ್ಯಾಂಕಿಗೆ ಹಾಕುತ್ತೇವೆಂದು ಕಚೇರಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಬ್ಯಾಂಕುಗಳಿವೆ. ಹಾಗಿದ್ದರೆ ಆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ತರದೆ ಖಾತೆ ಬದಲಾಗದು. ಇಂಥ ಕಾಗದವಿಲ್ಲದೆಯೂ ‘ನಮ್ಮ ಬ್ಯಾಂಕಿನಲ್ಲೇ ಖಾತೆ ಇರಲಿ’ ಎಂದು ಹೇಳುವುದು ಕೇವಲ ಅನುಕೂಲದ ಮಾತು. ಬೇರೆ ಬ್ಯಾಂಕಿನ ಖಾತೆಗೆ ಹಣ ಕಳಿಸುವುದು ಇಂದು ಕೆಲವೇ ಗಂಟೆಗಳ ಕೆಲಸ.

ಆದ್ದರಿಂದ ಉದ್ಯೋಗದಾತರು ಮಾಡಬೇಕಾದದ್ದು ದೊಡ್ಡದೇನಲ್ಲ. ಖಾತೆ ಬದಲಾವಣೆಗೆ ಒಂದು ಪುಟದ ನಮೂನೆ, ಅದನ್ನು ಕೊಡಬೇಕಾದ ಕೊನೆಯ ದಿನದ ಪ್ರಕಟಣೆ, ಮತ್ತು ‘ಏಕೆ ಬದಲಿಸುತ್ತೀರಿ’ ಎಂಬ ಪ್ರಶ್ನೆಯನ್ನು ಕೇಳದಿರುವ ಸೌಜನ್ಯ ಇಷ್ಟಿದ್ದರೆ ಸಾಕು. ಕೆಲಸಕ್ಕೆ ಸೇರುವ ದಿನವೇ ‘ಇದು ನಿಮ್ಮೊಬ್ಬರ ಹೆಸರಿನ ಖಾತೆಯೇ’ ಎಂದು ಒಂದು ಮಾತು ವಿಚಾರಿಸಿದರೆ, ಹಿಂಜರಿದು ಸುಮ್ಮನಾಗುವ ಎಷ್ಟೋ ಹೆಣ್ಣುಮಕ್ಕಳಿಗೆ ಆ ಅರ್ಜಿ ಬರೆಯುವ ಪ್ರಮೇಯವೇ ಬಾರದು.